ಮೂರರಿಂದ ಭಾಗಿಸಿದ ಚಿನ್ನ

ವಿಶಾಖಪಟ್ಟಣದ ಮದುವೆ ಮುಗಿಸಿ ಸೋಮವಾರ ಕೆಲಸಕ್ಕೆ ಬಂದರೆ, ಭ್ರಮರಾಂಬ ಗೇಟಿನಾಚೆ ಕೂತಿದ್ದಳು. ವಿಜಯವಾಡದ ನಮ್ಮ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ಬಳೆ, ಸರಗಳಿಗೆ ಚಿನ್ನದ ಲೇಪ ಹಾಕುವವಳು. ಐವತ್ತೇಳು ಗ್ರಾಂ ಕದ್ದಳೆಂದು ಶನಿವಾರ ಎಲ್ಲರೆದುರು ಸೆರಗು ಬಿಚ್ಚಿಸಿ, ಜಡೆ ಬಿಡಿಸಿ ಹುಡುಕಿದ್ದರಂತೆ.

ಮೈ ಉರಿದುಹೋಯಿತು. ಇಲ್ಲಿನ ಕೆಮಿಸ್ಟ್ ನಾನು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಲೆಕ್ಕ ಹಾಕಿದವನು ಹೊಸ ಎಂಜಿನಿಯರ್ ಪ್ರಮೋದ್, ನಮ್ಮ ಹಾಸನದ ಕಡೆಯವನೇ. ಮಾಲೀಕ ದುರ್ಗಾಪ್ರಸಾದ್ ಎದುರಿಗೇ ಅವನನ್ನು ಕೇಳಿದೆ.

"ಮೇಡಂ, ಮೀಟರ್ ಪ್ರಕಾರ ತಿಂಗಳಿಗೆ ಹನ್ನೆರಡು ಆಂಪಿಯರ್-ಗಂಟೆ ಕರೆಂಟ್ ಹರಿದಿದೆ. ಅಷ್ಟಕ್ಕೆ ಕೂರೋದು ಇಪ್ಪತ್ತೊಂಬತ್ತು ಗ್ರಾಂ. ಲೇಪದ ತೊಟ್ಟಿಯಿಂದ ಹೋಗಿರೋ ಚಿನ್ನ ಎಂಬತ್ತಾರು."

"ಅಯಾನಿನ ಚಾರ್ಜ್ ಎಷ್ಟು ತಗೊಂಡೆ?"

"ಮೂರು. ಗೋಲ್ಡ್ ಕ್ಲೋರೈಡ್‌ಗೆ ಪುಸ್ತಕದಲ್ಲಿ ಹಾಗೇ ಇದೆ."

"ತೊಟ್ಟೀಲಿರೋದು ಸಯನೈಡ್ ಕಣಯ್ಯ. ಅದರಲ್ಲಿ ಚಿನ್ನದ ಚಾರ್ಜ್ ಒಂದೇ. ಒಂದು ಎಲೆಕ್ಟ್ರಾನ್ ಸಿಕ್ಕಿದರೆ ಒಂದು ಪರಮಾಣು ಕೂರುತ್ತೆ. ನೀನು ಮೂರರಿಂದ ಭಾಗಿಸಿ, ಮಿಕ್ಕಿದ್ದನ್ನ ಅವಳ ಸೆರಗಿಗೆ ಕಟ್ಟಿದೀಯ."

ಪ್ರಮೋದ್ ಬೆವರಿದ. ದುರ್ಗಾಪ್ರಸಾದ್ ಮಾತ್ರ ನಂಬಲಿಲ್ಲ. ಬಾಯಿಮಾತಿಗೆ ಸೆರಗು ಬಿಚ್ಚಿಸಿದ ಮನುಷ್ಯನಿಗೆ ಈಗ ಸಾಕ್ಷಿ ಬೇಕಂತೆ!

ಅಂಗೈಯಗಲದ ತಾಮ್ರದ ತಗಡು ತೂಗಿ ಬರೆದಿಟ್ಟೆ. ಬಿಸಿ ತೊಟ್ಟಿಗಿಳಿಸಿ, ಒಂದು ಆಂಪಿಯರ್ ಕರೆಂಟು, ಅರ್ಧ ಗಂಟೆ. ಮೂವರೂ ಗಡಿಯಾರ ನೋಡುತ್ತ ನಿಂತೆವು. ಚಾರ್ಜ್ ಮೂರಾದರೆ ಒಂದೂಕಾಲು ಗ್ರಾಂಗಿಂತ ಕಮ್ಮಿ ಏರಬೇಕು. ಒಂದಾದರೆ ಮೂರೂಮುಕ್ಕಾಲರ ಹತ್ತಿರ. ತೊಳೆದು, ಒಣಗಿಸಿ, ತಕ್ಕಡಿಯ ಮೇಲಿಟ್ಟೆ. ಮೂರು ಗ್ರಾಂ ಅರವತ್ತು ಸೆಂಟಿಗ್ರಾಂ ಹೆಚ್ಚಿತ್ತು.

"ಸಣ್ಣದೊಂದು ಲೆಕ್ಕ ತಪ್ಪಾಯ್ತು, ಬಿಡಿ," ಅಂದರು ದುರ್ಗಾಪ್ರಸಾದ್. ಭ್ರಮರಾಂಬಳನ್ನು ತಮ್ಮ ಕೋಣೆಗೆ ಕರೆಸಿ ಬಾಗಿಲು ಮುಚ್ಚಿದರು. ನಾನೂ ಪ್ರಮೋದನೂ ಒಳಗೇ ಇದ್ದೆವು. "ನಾಳೆಯಿಂದ ಬಾಮ್ಮ. ಏನೋ ಪೊರಪಾಟು, ಕೈತಪ್ಪು."

ಅವಳು ಕೂರಲಿಲ್ಲ. "ಅಯ್ಯಗಾರೂ, ನನ್ನ ಜಡೆ ಬಿಚ್ಚಿಸಿದ್ದು ಹೊರಗೆ, ಹದಿನಾಲ್ಕು ಜನರ ಮುಂದೆ. ಈ ಮಾತೂ ಅಲ್ಲೇ ಆಗಲಿ."

ದುರ್ಗಾಪ್ರಸಾದ್ ನನ್ನ ಮುಖ ನೋಡಿದರು. ನಾನೇ ಹೋಗಿ ಬಾಗಿಲು ತೆರೆದು ಎಲ್ಲರನ್ನೂ ಕೂಗಿದೆ.

ಪ್ರಮೋದ್ ತಲೆ ತಗ್ಗಿಸಿ ಶುರು ಮಾಡಿದ. "ಫಾರ್ಮುಲಾದಲ್ಲಿ ಚಾರ್ಜ್ ಒಂದರ ಬದಲು ಮೂರು ಅಂತ..."

"ಫಾರ್ಮುಲಾ ನನಗೆ ಬೇಡ," ಅಂದಳು ಭ್ರಮರಾಂಬ. "ನಾನು ಕಳ್ಳಿ ಅಲ್ಲ ಅನ್ನು. ಮೊದಲು ನೀನು. ಆಮೇಲೆ ಅವರು."

ಪ್ರಮೋದ್ ಹೇಳಿದ. ದುರ್ಗಾಪ್ರಸಾದ್ ಗಡಿಯಾರ ನೋಡಿ, "ಸರಿ, ಎಲ್ಲ ಕೆಲಸಕ್ಕೆ ಹೋಗಿ," ಅಂದರು. ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಕೆಲಸದ ಕೈಗವಸುಗಳನ್ನು ತಕ್ಕಡಿಯ ಪಕ್ಕದಲ್ಲಿಟ್ಟು, ಅವರ ಮುಂದೆಯೇ ನಡೆದು ಗೇಟು ದಾಟಿದಳು.