ಬದಲಾವಣೆ ಇಲ್ಲ

ಮುದ್ರಣಾಲಯದಲ್ಲಿ ಅವನನ್ನು ಎಲ್ಲರೂ ಕಾಗುಣಿತ ಎಂದೇ ಕರೆಯುತ್ತಿದ್ದರು. ಕರಡು ತಿದ್ದುವುದು ಅವನ ಕೆಲಸ. ಕರೆಯೋಲೆಯಿಂದ ಹಿಡಿದು ಕಾನೂನಿನ ದಪ್ಪ ಪುಸ್ತಕದವರೆಗೆ ಯಾವುದೂ ಅವನ ಕಣ್ಣು ದಾಟದೆ ಯಂತ್ರಕ್ಕೆ ಹೋಗುತ್ತಿರಲಿಲ್ಲ. ಅಲ್ಪಪ್ರಾಣ ಇರಬೇಕಾದಲ್ಲಿ ಮಹಾಪ್ರಾಣ ಬಂದರೆ ಅನ್ನದಲ್ಲಿ ಕಲ್ಲು ಕಡಿದವನ ಹಾಗೆ ಮುಖ ಮಾಡುತ್ತಿದ್ದ.

ರೋಗ ಬಂದದ್ದು ಆ ಕಣ್ಣಿಗೇ. ಮೊದಲು ಸಾಲಿನ ನಡುವೆ ಒಂದು ಅಕ್ಷರ ಕಾಣೆಯಾಗುತ್ತಿತ್ತು. ಆಮೇಲೆ ಒಂದು ಪದ. ದೀಪ ಸರಿಯಿಲ್ಲ ಎಂದು ದೀಪ ಬದಲಾಯಿಸಿದ, ಕನ್ನಡಕ ಸರಿಯಿಲ್ಲ ಎಂದು ಕನ್ನಡಕ ಬದಲಾಯಿಸಿದ. ಕಣ್ಣಿನ ಆಸ್ಪತ್ರೆಯವರು ಇದು ಹುಟ್ಟಿನಿಂದಲೇ ಬಂದದ್ದು, ನಿಧಾನವಾಗಿ ಒಳಗಿನ ಪರದೆ ಸವೆಯುತ್ತದೆ, ಸದ್ಯಕ್ಕೆ ಮದ್ದಿಲ್ಲ ಎಂದರು. ಒಂದು ಹೊಸ ಚಿಕಿತ್ಸೆಯ ಪ್ರಯೋಗ ಮಾತ್ರ ಅಲ್ಲೇ ಶುರುವಾಗುವುದಿತ್ತು. ಕೆಲವರನ್ನಷ್ಟೇ ತೆಗೆದುಕೊಳ್ಳುತ್ತಾರೆ. ತಪಾಸಣೆಯ ಹಲಗೆಯಲ್ಲಿ ಇಂತಿಷ್ಟು ಸಾಲು ಓದಲು ಬರಬೇಕು, ಅದಕ್ಕಿಂತ ದೃಷ್ಟಿ ಇಳಿದಿದ್ದರೆ ಆಗದು.

"ನಾವು ಯಾರಿಗೂ ಫೋನ್ ಮಾಡಲ್ಲ," ಎಂದಳು ಪ್ರಯೋಗದ ಉಸ್ತುವಾರಿ ನೋಡುವ ನರ್ಸ್. "ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಬಿಟ್ರೆ ಅನ್ಯಾಯ ಆಗುತ್ತೆ. ಆಸ್ಪತ್ರೆ ವೆಬ್‌ಸೈಟಲ್ಲಿ ನಮ್ಮ ಪುಟ ಇದೆ. ನೋಂದಣಿ ಶುರು ಅಂತ ಅಲ್ಲಿ ಹಾಕ್ತೀವಿ. ಮೊದಲು ಬಂದವರಿಗೆ ಮೊದಲು. ನೋಡ್ತಾ ಇರಿ."

ನೋಡ್ತಾ ಇರಿ ಎಂಬ ಮಾತು ಕೇಳಿ ಹೊರಗಿನ ಬೆಂಚಿನಲ್ಲಿ ಕೂತಿದ್ದ ಮೇಷ್ಟ್ರೊಬ್ಬರು ನಕ್ಕುಬಿಟ್ಟರು. ಅವರಿಗೂ ಅದೇ ರೋಗ. "ನೋಡೋಕೆ ಆಗೋ ಹಾಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ವಮ್ಮಾ?" ಎಂದರು. ಕಾಗುಣಿತನಿಗೆ ಅವರ ಸ್ನೇಹವಾದದ್ದು ಹಾಗೆ.

ಪುಟದ ನಡುವೆ 'ನೋಂದಣಿ' ಎಂಬ ಚಿಕ್ಕ ಭಾಗವಿತ್ತು. 'ಇನ್ನೂ ಆರಂಭವಾಗಿಲ್ಲ' ಎಂದು ಒಂದೇ ಸಾಲು. ಅದನ್ನು ಅವನು ದಿನಕ್ಕೆ ಹತ್ತು ಸಲ ದೊಡ್ಡದು ಮಾಡಿಕೊಂಡು ಓದುವನು. ಕಣ್ಣಿಂದ ನೀರು ಸುರಿಯುವುದು.

"ಅದನ್ನ ನೀವ್ಯಾಕೆ ನೋಡ್ತೀರಿ? ನನ್ನ ಕೆಲಸಾನೇ ಅದಲ್ವಾ?" ಎಂದಳು ಹೆಂಡತಿ.

ನಿಜಕ್ಕೂ ಅವಳ ಕೆಲಸ ಅದೇ. ಅಂಗಡಿ, ಕಾಲೇಜು, ಪ್ರಯಾಣದ ಕಂಪನಿಗಳ ವೆಬ್‌ಸೈಟ್‌ಗಳನ್ನು ನೋಡಿಕೊಳ್ಳುವ ಸಣ್ಣ ಕಚೇರಿಯಲ್ಲಿ ಅವಳಿದ್ದಳು. ಯಾವುದು ಕೆಟ್ಟಿತು, ಯಾವುದರ ಬರಹ ಬದಲಾಯಿತು ಎಂದು ಗಿರಾಕಿಗಿಂತ ಮೊದಲೇ ತಿಳಿಯಬೇಕು. ಯಜಮಾನರನ್ನು ಕೇಳಿ, ಕಚೇರಿಯ ಸರ್ವರಿನ ಮೂಲೆಯಲ್ಲಿ ಗಂಡನಿಗಾಗಿ ಒಂದು ಪುಟ್ಟ ಪ್ರೋಗ್ರಾಂ ಬರೆದಿಟ್ಟಳು. ಅದು ಅರ್ಧ ಗಂಟೆಗೊಮ್ಮೆ ಪುಟವನ್ನು ತರುತ್ತದೆ, ಹಿಂದಿನ ಸಲ ಇಟ್ಟುಕೊಂಡದ್ದಕ್ಕೆ ಹೋಲಿಸುತ್ತದೆ, ಬೇರೆಯಾಗಿದ್ದರೆ ಅವನ ಫೋನಿಗೆ ಮೆಸೇಜ್ ಕಳಿಸುತ್ತದೆ. ಫೋನು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ.

ಮೊದಲ ದಿನವೇ ಫೋನು ಅರ್ಧ ಗಂಟೆಗೊಮ್ಮೆ ಬಡಬಡಿಸತೊಡಗಿತು. ಪುಟದ ಕೆಳಗೆ ಎಷ್ಟು ಜನ ನೋಡಿದರು ಎಂಬ ಲೆಕ್ಕ ಓಡುತ್ತಿತ್ತು. ಅದು ಬದಲಾದರೂ ಬದಲಾವಣೆಯೇ. "ನಿನ್ನ ಪ್ರೋಗ್ರಾಮಿಗೆ ನಮ್ಮ ಅತ್ತೆ ಬುದ್ಧಿ," ಎಂದು ಅವನು ನಕ್ಕ. ಅವನತ್ತೆ ಎಂದರೆ ಅವಳಮ್ಮ. ಅವಳೂ ನಕ್ಕು, ಇಡೀ ಪುಟ ಬಿಟ್ಟು 'ನೋಂದಣಿ' ಭಾಗವನ್ನಷ್ಟೇ ನೋಡುವಂತೆ ತಿದ್ದಿದಳು. ಪುಟದ ಒಳಬರಹದಲ್ಲಿ ಆ ಭಾಗಕ್ಕೆ ಒಂದು ಗುರುತಿನ ಹೆಸರಿತ್ತು. ಓದುವವರಿಗೆ ಅದು ಕಾಣಿಸದು, ಪ್ರೋಗ್ರಾಂ ಅದನ್ನು ಹಿಡಿದೇ ಭಾಗವನ್ನು ಹುಡುಕುತ್ತದೆ. ಅದರೊಳಗಿನ ಅಕ್ಷರಗಳನ್ನಷ್ಟೇ ತೆಗೆದು, ಆಚೀಚಿನ ಖಾಲಿ ಜಾಗ ಬಿಟ್ಟು ಹೋಲಿಸುವಂತೆ ಮಾಡಿದಳು. ಫೋನು ಸುಮ್ಮನಾಯಿತು.

ಒಂದು ಭಾನುವಾರ ಬೆಳಿಗ್ಗೆ ಅದು ಮಾತಾಡಿತು. 'ನೋಂದಣಿ ಭಾಗ ಬದಲಾಗಿದೆ.' ಅವನು ಅರ್ಧ ಗಡ್ಡ ಹೆರೆದವನು ಹಾಗೇ ಅಂಗಿ ಹಾಕಿಕೊಂಡ. ಆಸ್ಪತ್ರೆಗೆ ಫೋನ್ ಮಾಡಿದರೆ, ಏನೂ ಶುರುವಾಗಿಲ್ಲ, ವೆಬ್‌ಸೈಟ್ ರಿಪೇರಿಗೆ ನಿಲ್ಲಿಸಿದ್ದೇವೆ ಎಂದರು. ರಿಪೇರಿಯ ಪುಟದಲ್ಲಿ ಆ ಭಾಗವೇ ಇರಲಿಲ್ಲ. ಪ್ರೋಗ್ರಾಂಗೆ ಸಿಕ್ಕಿದ್ದು ಖಾಲಿ. ಖಾಲಿಯೂ ಹಿಂದಿನದಕ್ಕಿಂತ ಬೇರೆಯೇ ತಾನೆ. ಮಧ್ಯಾಹ್ನ ಪುಟ ಮರಳಿ ಬಂದಾಗ, ಖಾಲಿ ಇದ್ದದ್ದು ತುಂಬಿತೆಂದು ಇನ್ನೊಂದು ಮೆಸೇಜ್. ಅವನು ಮತ್ತೆ ಎದ್ದ, ಮತ್ತೆ ಕೂತ. ಮುಂದಿನ ವಾರವೂ ಅದೇ ಕಥೆ.

"ಸುಳ್ಳು ಆಸೆ ಹುಟ್ಟಿಸೋ ಹಾಗಿದ್ರೆ ಬೇಡ ಕಣೇ," ಎಂದ ಅವನು. ಸಿಟ್ಟಿನಲ್ಲಿ ಅಂದದ್ದಲ್ಲ. "ಎದೆ ಒಡೆದು ಹೋದಂಗಾಗುತ್ತೆ."

ಅವನ ಮುಖ ನೋಡಲಾಗದೆ ಅವಳು ಆಗಲೇ ಒಂದು ಸಾಲು ಸೇರಿಸಿದಳು. ಭಾಗ ಸಿಗದಿದ್ದರೆ ಹೋಲಿಸಬೇಡ, ಏನೂ ಹೇಳಬೇಡ, ಮುಂದಿನ ಸರದಿಗೆ ಮತ್ತೆ ನೋಡು.

ಅದಾದ ಮೇಲೆ ನೆಮ್ಮದಿಯೋ ನೆಮ್ಮದಿ. ಅವನು ಪುಟವನ್ನು ನೋಡುವುದನ್ನೇ ಬಿಟ್ಟ. ಫೋನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮುದ್ರಣಾಲಯಕ್ಕೆ ಹೋಗುವನು, ದೊಡ್ಡ ಮಸೂರ ಹಿಡಿದು ಶೀರ್ಷಿಕೆಗಳನ್ನಾದರೂ ತಿದ್ದುವನು. "ನಮ್ಮನೆಯವಳು ಕಾವಲಿಗಿದ್ದಾಳೆ," ಎಂದು ಎಲ್ಲರಿಗೂ ಹೇಳುವನು.

ಒಂದು ದಿನ ಮೇಷ್ಟ್ರು ಫೋನ್ ಮಾಡಿದರು.

"ಏನ್ರೀ, ನೀವ್ಯಾಕೆ ಬರ್ಲಿಲ್ಲ? ಬೆಂಚಿನ ತುಂಬ ನಿಮ್ಮನ್ನ ಹುಡುಕ್ದೆ."

"ಎಲ್ಲಿಗೆ ಮೇಷ್ಟ್ರೇ?"

"ಪ್ರಯೋಗಕ್ಕೆ ಸೇರಿಸ್ಕೊಂಡಾಯ್ತಲ್ಲಪ್ಪಾ," ಎಂದರು ಮೇಷ್ಟ್ರು. "ನನ್ನ ಮಗಳು ದಿನಾ ಓದಿ ಹೇಳ್ತಿದ್ಲು. ನಿಮ್ಗೆ ಮೆಸೇಜ್ ಬರುತ್ತೆ ಅಂತಿದ್ರಲ್ಲ, ನಾನು ಅದಕ್ಕೇ..."

ಅವನು ಹೆಂಡತಿಗೆ ಫೋನ್ ಮಾಡಿದಾಗ ಅವಳು ಕಚೇರಿಯಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದಳು. "ಇಲ್ಲ ರೀ, ಇರ್ಲಿಕ್ಕಿಲ್ಲ. ಬದಲಾಗಿದ್ರೆ ಮೆಸೇಜ್ ಬರ್ತಿತ್ತು," ಎನ್ನುತ್ತಲೇ ಪುಟ ತೆರೆದಳು. ಪುಟದ ರೂಪವೇ ಬದಲಾಗಿತ್ತು. ಹೊಸ ಬಣ್ಣ, ನಗುವ ವೈದ್ಯರ ದೊಡ್ಡ ಚಿತ್ರ. 'ನೋಂದಣಿ' ಭಾಗ ಪಕ್ಕಕ್ಕೆ ಸರಿದಿತ್ತು. 'ಎಲ್ಲ ಸ್ಥಾನಗಳೂ ಬರ್ತಿಯಾಗಿವೆ' ಎಂದಿತ್ತು ಅದರಲ್ಲಿ. ಒಳಬರಹ ತೆರೆದಳು. ಸೈಟು ಹೊಸದಾಗಿ ಕಟ್ಟಿದವರು ಆ ಭಾಗಕ್ಕೆ ಬೇರೆ ಗುರುತು ಕೊಟ್ಟಿದ್ದರು. ಪ್ರೋಗ್ರಾಂ ಹಳೆಯ ಗುರುತನ್ನೇ ಹುಡುಕುತ್ತಿತ್ತು. ಅದು ಬರೆದಿಡುವ ದಾಖಲೆಯನ್ನು ನೋಡಿದರೆ, ಉದ್ದಕ್ಕೂ ಒಂದೇ ಮಾತು. ಭಾಗ ಸಿಗಲಿಲ್ಲ, ಬಿಟ್ಟಿದೆ. ಭಾಗ ಸಿಗಲಿಲ್ಲ, ಬಿಟ್ಟಿದೆ. ಅವಳು ಬೆರಳಿನಿಂದ ಪರದೆ ಜಾರಿಸುತ್ತಲೇ ಇದ್ದಳು, ಅದು ಮುಗಿಯಲೇ ಇಲ್ಲ. ಪಕ್ಕದ ಮೇಜಿನವಳು ನೀರು ತಂದುಕೊಟ್ಟಳು.

ಅವಳು ಕಚೇರಿಯಿಂದ ಸೀದಾ ಆಸ್ಪತ್ರೆಗೆ ಹೋದಳು. ನರ್ಸ್ ಒಳ್ಳೆಯವಳು. ಕೂರಿಸಿ ಮಾತಾಡಿಸಿದಳು. ಆದರೆ ಪಟ್ಟಿ ಮುಚ್ಚಿತ್ತು. ಎರಡನೆಯ ಹಂತ ಬರಬಹುದು, ಯಾವಾಗ ಎಂದು ಹೇಳಲಾಗದು ಎಂದಳು.

ಮನೆಯಲ್ಲಿ ಅವನು ದೀಪ ಹಾಕದೆ ಕೂತಿದ್ದ. ಅವಳು ಚಪ್ಪಲಿ ಬಿಡದೆಯೇ ಎಲ್ಲ ಹೇಳಿದಳು. ಯಾವ ಸಾಲು, ಯಾಕೆ ಬರೆದದ್ದು, ಅದು ಹೇಗೆ ಸುಮ್ಮನಾಯಿತು.

"ನಾನೇ ತಾನೆ ಹೇಳಿದ್ದು, ಸುಮ್ಸುಮ್ನೆ ಎಬ್ಬಿಸ್ಬೇಡ ಅಂತ," ಎಂದ.

"ನೀವು ಹೇಳಿದ್ದು ಸುಳ್ಳು ಹೇಳ್ಬೇಡ ಅಂತ. ನಾನು ಅದರ ಬಾಯೇ ಮುಚ್ಚಿಸ್ಬಿಟ್ಟೆ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಹಾಕಿದ್ದನ್ನು ಉಂಡ, ಕೇಳಿದ್ದಕ್ಕೆ ಹೂಂ ಎಂದ. ಕೆಲವು ದಿನ ಹೀಗೇ ಹೋಯಿತು. ಒಂದು ಸಂಜೆ ಅವಳು ಲೋಟ ಎಲ್ಲಿಟ್ಟಿದ್ದಳೋ ಅವನಿಗೆ ಕಾಣದೆ, ಅವನ ಕೈ ತಗುಲಿ ನೀರು ಚೆಲ್ಲಿತು. ಅವನು ಒದ್ದೆಯಾದ ಮೇಜಿನ ಮೇಲೆ ಅಂಗೈ ಊರಿ ನಿಂತ.

"ಗಿರಾಕಿಗಳ ಸೈಟಲ್ಲಿ ಏನಾದ್ರೂ ಸಿಗದೇ ಹೋದ್ರೆ ನಿಮ್ಮ ಆಫೀಸಲ್ಲಿ ಏನ್ಮಾಡ್ತೀರಿ?" ಎಂದು ಕೇಳಿದ.

ಅವಳು ಸುಳ್ಳು ಹೇಳಲಿಲ್ಲ. "ಮೂರು ಸಲ ಸಿಗದಿದ್ರೆ ನಮಗೆ ಮೆಸೇಜ್ ಬರುತ್ತೆ. ಯಾರಾದ್ರೂ ಹೋಗಿ ಕಣ್ಣಾರೆ ನೋಡ್ತೀವಿ."

"ಚಪ್ಪಲಿ ಅಂಗಡಿಯವ್ನಿಗೆ ಮಾಡೋದನ್ನ ನಂಗೆ ಮಾಡೋಕಾಗ್ಲಿಲ್ಲ."

ಅವಳು ಬಟ್ಟೆ ತಂದು ಮೇಜು ಒರೆಸಿದಳು. ಒರೆಸಿ ಒಣಗಿದ ಮೇಲೂ ಒರೆಸುತ್ತಲೇ ಇದ್ದಳು. ಆಮೇಲೆ ಅವನೇ ಅವಳ ಕೈ ಹುಡುಕಿ ಬಟ್ಟೆ ತೆಗೆದುಕೊಂಡ.

ಆ ವಾರ ಅವಳು ಪ್ರೋಗ್ರಾಂ ಹೊಸದಾಗಿ ಬರೆದಳು. ಹೊಸ ಗುರುತು ಹಾಕಿದಳು. ಭಾಗ ಮೂರು ಸಲ ಸಿಗದಿದ್ದರೆ 'ಸಿಗುತ್ತಿಲ್ಲ, ಪುಟ ನೋಡಿ' ಎಂದು ಅವಳಿಗೇ ಹೇಳಬೇಕು. ಪ್ರೋಗ್ರಾಂ ನಿಂತೇ ಹೋದರೂ ತಿಳಿಯಲೆಂದು, ದಿನಾ ಬೆಳಿಗ್ಗೆ ಇಬ್ಬರಿಗೂ 'ನೋಡುತ್ತಿದ್ದೇನೆ, ಬದಲಾವಣೆ ಇಲ್ಲ' ಎಂದು ಕಳಿಸಬೇಕು. ಬೆಳಗಿನ ಮೆಸೇಜ್ ಬಾರದಿದ್ದರೆ ಏನೋ ಕೆಟ್ಟಿದೆ ಎಂದೇ ಅರ್ಥ.

"ಈಗ ಏನಂತ ಇದೆ ಅದರಲ್ಲಿ? ಇದ್ದಂಗೇ ಓದು," ಎಂದ ಅವನು.

"ಎಲ್ಲ ಸ್ಥಾನಗಳೂ ಬರ್ತಿಯಾಗಿವೆ."

"ಅಲ್ಪಪ್ರಾಣ ಹಾಕಿದಾರಾ?"

ಅವಳು ಹತ್ತಿರದಿಂದ ನೋಡಿದಳು. "ಹೂಂ. ಬ."

"ಭ ಬೇಕು. ಹೇಳು ಅವ್ರಿಗೆ."

ಅವಳು ಆಸ್ಪತ್ರೆಗೆ ಬರೆದಳು. ಎಷ್ಟೋ ದಿನದ ಮೇಲೆ ಒಂದು ಮಧ್ಯಾಹ್ನ ಇಬ್ಬರ ಫೋನುಗಳೂ ಒಟ್ಟಿಗೆ ಮಾತಾಡಿದವು. ಬದಲಾಗಿದೆ. ಅವನು ಮುದ್ರಣಾಲಯದಲ್ಲಿ ಕುರ್ಚಿ ಬಿಟ್ಟು ಎದ್ದ. ಅವಳು ಕಚೇರಿಯಲ್ಲಿ ಹಳೆಯ ಸಾಲನ್ನೂ ಹೊಸ ಸಾಲನ್ನೂ ಒಂದರ ಕೆಳಗೊಂದಿಟ್ಟು ನೋಡಿದಳು. ಒಂದೇ ಅಕ್ಷರದ ವ್ಯತ್ಯಾಸ. ಫೋನ್ ಮಾಡಿ ಹೇಳಿದಾಗ ಅವನು ನಗತೊಡಗಿದ. ನಗು ಎಲ್ಲಿ ಅಳುವಾಗಿ ಬದಲಾಯಿತು ಎಂದು ಅವಳಿಗೆ ಗೊತ್ತಾಗಲಿಲ್ಲ. ಅವನು ಅಳುವುದು ಕೇಳಿಸುವಷ್ಟು ಹೊತ್ತೂ ಅವಳು ಫೋನ್ ಹಿಡಿದುಕೊಂಡೇ ಇದ್ದಳು.

ಎರಡನೆಯ ಹಂತ ಬಂದಾಗ ಪ್ರೋಗ್ರಾಂ ತಪ್ಪಲಿಲ್ಲ. 'ನೋಂದಣಿ ಆರಂಭವಾಗಿದೆ' ಎಂಬುದು ಪುಟದಲ್ಲಿ ಬಂದ ಸ್ವಲ್ಪ ಹೊತ್ತಿಗೇ ಅವರಿಬ್ಬರೂ ಆಸ್ಪತ್ರೆಯ ಬೆಂಚಿನಲ್ಲಿದ್ದರು. ಸಾಲಿನಲ್ಲಿ ಅವರೇ ಮೊದಲು. ನರ್ಸ್ ಅವನನ್ನು ಹಲಗೆಯ ಮುಂದೆ ಕೂರಿಸಿದಳು. ಮೇಲಿನ ದೊಡ್ಡ ಅಕ್ಷರಗಳನ್ನು ಓದಿದ. ಕೆಳಗಿನ ಸಾಲಿಗೆ ಬಂದು ನಿಂತ. ತಲೆಯನ್ನು ಅತ್ತ ಇತ್ತ ವಾಲಿಸಿ ಕಣ್ಣಂಚಿನಿಂದ ಹುಡುಕಿದ. ಬೇಕಾದ ಸಾಲು ಇನ್ನೂ ಕೆಳಗಿತ್ತು.

"ಇನ್ನೊಂದ್ಸಲ ನೋಡ್ಲಾ?" ಎಂದು ಕೇಳಿದ.

"ನೋಡಿ," ಎಂದಳು ನರ್ಸ್. ಎಷ್ಟು ಸಲ ಕೇಳಿದರೂ ಅವಳು ಹಾಗೆಯೇ ಹೇಳುತ್ತಿದ್ದಳು. ಕೊನೆಗೆ ಅವನೇ ಸಾಕು ಎಂದ.

ಹೊರಗೆ ಮೇಷ್ಟ್ರು ಸಿಕ್ಕರು, ತಪಾಸಣೆಗೆ ಬಂದಿದ್ದರು. ಚಿಕಿತ್ಸೆಯಿಂದ ಅವರ ದೃಷ್ಟಿ ಇನ್ನಷ್ಟು ಇಳಿಯದೆ ಇದ್ದಲ್ಲೇ ನಿಂತಿತ್ತು. ಹಾಗೆಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ಕಾಗುಣಿತನೇ ಕೇಳಿ ತಿಳಿದು, "ಒಳ್ಳೇದಾಯ್ತು ಮೇಷ್ಟ್ರೇ," ಎಂದು ಅವರ ಭುಜ ಸವರಿದ. ಅವನ ಸಂತೋಷ ಸುಳ್ಳಲ್ಲ ಎಂಬುದು ಹೆಂಡತಿಗೆ ಗೊತ್ತಿತ್ತು. ಅವಳು ಗೋಡೆಯ ಕಡೆ ತಿರುಗಿ ನಿಂತಳು.

ಮನೆಗೆ ಬಂದ ಮೇಲೆ ಅವನು, "ನಿಲ್ಲಿಸ್ಬಿಡು ಅದನ್ನ," ಎಂದ. "ದಿನಾ ಬೆಳಿಗ್ಗೆ ಬದಲಾವಣೆ ಇಲ್ಲ, ಬದಲಾವಣೆ ಇಲ್ಲ ಅಂತ ಕೇಳಿ ಸಾಕಾಗಿದೆ."

ಅವಳು ಅವನೆದುರೇ ನಿಲ್ಲಿಸಿದಳು.

ಮರುದಿನ ಬೆಳಿಗ್ಗೆ ಇಬ್ಬರೂ ಕಾಫಿ ಹಿಡಿದು ಕೂತಿದ್ದರು. ಫೋನುಗಳು ಮೇಜಿನ ಮೇಲಿದ್ದವು. ಮೆಸೇಜ್ ಬರುವ ಹೊತ್ತಾದಾಗ ಅವನು ಮಾತು ನಿಲ್ಲಿಸಿ ಕಿವಿ ಆ ಕಡೆ ತಿರುಗಿಸಿದ. ಅವಳೂ ಲೋಟ ಕೆಳಗಿಟ್ಟಳು. ಇಬ್ಬರೂ ಹಾಗೇ ಕಾದರು. ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲು ಮೇಲೆತ್ತಿದರು. ಕಾಫಿ ತಣ್ಣಗಾಯಿತು ಎಂದು ಅವಳು ಎದ್ದಳು. ಬಿಸಿ ಮಾಡಿ ತರಲು ಅವನ ಲೋಟವನ್ನೂ ತೆಗೆದುಕೊಂಡಳು.