ನಿಧಾನವಾದ ಬಾಣ

ಶಹನಾ ಮೌಸನ್ನು ಮಗುಚಿ ಹಿಡಿದು, ಅದರ ಹೊಟ್ಟೆಯ ಕಣ್ಣಿಗೆ ಅಂಟಿದ ಧೂಳನ್ನು ಹತ್ತಿಯಿಂದ ಒರೆಸುತ್ತಿದ್ದಳು. ಎಂಟನೇ ತರಗತಿಗೇ ಶಾಲೆ ಬಿಟ್ಟ ಹುಡುಗಿ. ಸುಳ್ಯ ಪೇಟೆಯ ಈ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದರೂ ಅವಳ ಸ್ವರ ಕೇಳಿದವರು ಕಡಿಮೆ.

ಎದುರಿಗೆ ಅಜ್ಜಾವರದ ಗ್ರಂಥಾಲಯ ನೋಡಿಕೊಳ್ಳುವ ಸೇವಂತಿ ಕೂತಿದ್ದರು. ಸೋಮವಾರದೊಳಗೆ ಪುಸ್ತಕಗಳ ಪಟ್ಟಿಯನ್ನು ಅಕ್ಷರಕ್ರಮಕ್ಕೆ ತಂದು ಕೊಡದಿದ್ದರೆ ಅವರ ಕೆಲಸ ಬೇರೆಯವರ ಪಾಲು. ಅಂಗಡಿಯ ಶಾಫಿ ಮಾಡಿದ ಪಾಠದ ವಿಡಿಯೊವನ್ನು ಫೋನಿನಲ್ಲಿ ನೋಡಿಕೊಂಡೇ ಅವರು ಎಕ್ಸೆಲ್ ಕಲಿಯುತ್ತಿದ್ದದ್ದು.

"ನಿಮ್ಮ ವಿಡಿಯೊದಲ್ಲಿ ಮೌಸಿನ ಬಾಣ ಬೆಲ್ಲ ಕಂಡ ನೊಣದ ಹಾಗೆ ಸುತ್ತುದು ಶಾಫಿಯವರೇ. ಎಲ್ಲಿ ಒತ್ತಿದ್ದು ಅಂತ ಗೊತ್ತೇ ಆಗುದಿಲ್ಲ. ಈಗ ನೋಡಿ, ಉಪ್ಪಿನಕಾಯಿಯ ಪುಸ್ತಕ ಒಬ್ಬ ಪೊಲೀಸಿನವರು ಬರೆದದ್ದಂತೆ."

ಸೇವಂತಿ ಪುಸ್ತಕದ ಹೆಸರಿನ ಕಾಲಮ್ಮನ್ನು ಮಾತ್ರ ಆರಿಸಿ ವಿಂಗಡಿಸಿದ್ದರು. ಎಚ್ಚರಿಕೆಯ ಪೆಟ್ಟಿಗೆಯೊಂದು ಬಂದಿತ್ತು. 'ಮುಂದುವರಿ' ಎಂಬರ್ಥದ ಸಾಲು ಕಂಡು ಅದನ್ನೇ ಒತ್ತಿದ್ದರು. ಹೆಸರುಗಳು ಜಾಗ ಬದಲಿಸಿದವು, ಲೇಖಕರು ಇದ್ದಲ್ಲೇ ಉಳಿದರು. ಶಾಫಿಯ ವಿಡಿಯೊದಲ್ಲಿ ಆ ಪೆಟ್ಟಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ.

ಹಳೆಯ ಪ್ರತಿ ಪೆನ್‌ಡ್ರೈವಿನಲ್ಲಿತ್ತು, ಪುಣ್ಯ. ಸೇವಂತಿ ಮತ್ತೆ ಪ್ರಯತ್ನಿಸುವುದನ್ನು ಶಹನಾ ನೋಡುತ್ತ ನಿಂತಳು. ಫೋನ್ ನೋಡಬೇಕು, ಕನ್ನಡಕ ಏರಿಸಬೇಕು, ಪರದೆಯಲ್ಲಿ ಹುಡುಕಬೇಕು, ಆಮೇಲೆ ಒತ್ತಬೇಕು. ಮನಸ್ಸಿನಲ್ಲೇ ಎಣಿಸಿದಳು. ಹನ್ನೆರಡು ಸೆಕೆಂಡು.

ಮರುದಿನ ಅವಳೇ ಪರದೆ ರೆಕಾರ್ಡ್ ಮಾಡಿದಳು. ಬಾಣವನ್ನು ದೊಡ್ಡದು ಮಾಡಿ, ನೇರ ದಾರಿಯಲ್ಲಿ ಮೆಲ್ಲಗೆ ಒಯ್ದು ನಿಲ್ಲಿಸಿ, ಆಮೇಲೆ ಒತ್ತಿದಳು. ಪೆಟ್ಟಿಗೆ ಬಂದಾಗ ಅದೊಂದೇ ಪರದೆ ತುಂಬುವಂತೆ ಹಿಗ್ಗಿಸಿದಳು. ಪ್ರತಿ ಹೆಜ್ಜೆಯ ನಂತರ ಹನ್ನೆರಡು ಸೆಕೆಂಡು ಬಿಟ್ಟಳು.

"ಇಷ್ಟು ಹೊತ್ತು ಸದ್ದಿಲ್ಲದಿದ್ದರೆ ವಿಡಿಯೊ ಹಾಳಾಗಿದೆ ಅಂತ ಜನ ಬಿಟ್ಟು ಹೋಗ್ತಾರೆ ಮಾರಾಯ್ತಿ," ಎಂದ ಶಾಫಿ. "ಕಾಯ್ತೇನೆ ಅಂತಾದರೂ ಹೇಳಬೇಕು. ಯಾರು ಹೇಳುದು? ನನ್ನದು ಬಸ್ ಕಂಡಕ್ಟರನ ಸ್ವರ."

ಶಹನಾ ಫ್ಯಾನ್ ಆರಿಸಿ, ಬಾಗಿಲು ಹಾಕಿ, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

ಶನಿವಾರ ಸೇವಂತಿ ಬಂದು ಕೂತರು. ಫೋನಿನಿಂದ ಮೆದು ಸ್ವರವೊಂದು ಬಂತು: "ಪೆಟ್ಟಿಗೆಯಲ್ಲಿ ಎರಡು ಸಾಲು ಉಂಟು. ಮೇಲಿನದನ್ನು ಆರಿಸಿ. ಆಗ ಪಕ್ಕದ ಕಾಲಮ್ಮುಗಳೂ ಜೊತೆಗೇ ಬರ್ತವೆ. ಈಗ ನೀವು ಮಾಡಿ, ನಾನು ಕಾಯ್ತೇನೆ."

"ಇದು ಯಾರು?" ಎಂದರು ಸೇವಂತಿ. ಶಾಫಿ ಗಲ್ಲದಿಂದಲೇ ಶಹನಾಳತ್ತ ತೋರಿಸಿದ. ಅವಳು ಕೈಯಲ್ಲಿದ್ದ ಹತ್ತಿಯನ್ನು ನೋಡುತ್ತಿದ್ದಳು.

ಸೇವಂತಿ ಕನ್ನಡಕ ಏರಿಸಿದರು, ಹುಡುಕಿದರು, ಒತ್ತಿದರು. ಸಾಲುಗಳು ಒಮ್ಮೆಲೇ ಸರಿದು ಕೂತವು. ಅವರು ಮೂಗು ತಾಗುವಷ್ಟು ಬಾಗಿ, ಬೆರಳಿಟ್ಟು, ಒಂದೊಂದೇ ಲೇಖಕರನ್ನು ಅವರವರ ಪುಸ್ತಕದ ಪಕ್ಕ ಗುರುತಿಸತೊಡಗಿದರು. ಶಾಫಿಯೂ ಬಗ್ಗಿದ. ಉಪ್ಪಿನಕಾಯಿ ಅದರ ಒಡತಿಯ ಹತ್ತಿರವೇ ಇತ್ತು.

ಮೇಜಿನ ಮೇಲಿನ ಫೋನು ತನ್ನಷ್ಟಕ್ಕೆ ಹೇಳಿತು: "ಎಲ್ಲ ಸರಿಯಾಗಿ ಬಂದಿದೆಯಾ, ನೋಡಿ ಹೇಳಿ."