ಕಿಟಕಿ ಪಕ್ಕದ ಟ್ರೇ

ಇಪ್ಪತ್ತೆರಡು ವರ್ಷ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಂಡವಳು ನಾನು. ನಾನು ಕಲಸಿದ ದ್ರಾವಣದಲ್ಲಿ ತಪ್ಪು ಹಿಡಿದವರು ಇನ್ನೂ ಹುಟ್ಟಿಲ್ಲ ಎಂದು ಜಂಭ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಭಕ್ಕೆ ಪರೀಕ್ಷೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ಪೆಟ್ಟು ಬಿತ್ತು.

ಪ್ರಾಕ್ಟಿಕಲ್ ಪರೀಕ್ಷೆಗೆ ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ಇದೆ. ಪ್ರತಿ ವಿದ್ಯಾರ್ಥಿಗೂ ಒಂದು ಟ್ರೇ. ಅದರಲ್ಲಿ ಎರಡು ಬೀಕರ್. ಎಡಗಡೆಯದರಲ್ಲಿ ಸತುವಿನ ಸಲ್ಫೇಟ್ ನೀರು, ಅದರೊಳಗೆ ಸತುವಿನ ಪಟ್ಟಿ. ಬಲಗಡೆಯದರಲ್ಲಿ ತಾಮ್ರದ ಸಲ್ಫೇಟ್, ತಾಮ್ರದ ಪಟ್ಟಿ. ಬೀಕರುಗಳ ಎರಡೂ ಬದಿಗೆ ಸತುವಿಗೆ Zn, ತಾಮ್ರಕ್ಕೆ Cu ಎಂದು ಗುರುತು. ಎರಡರಲ್ಲಿ ಒಂದು ಗಾಢ, ಒಂದು ತೆಳು. ಉಪ್ಪುನೀರಿನ ಕೊಳವೆಯಿಂದ, ಅಂದರೆ ಉಪ್ಪಿನ ಸೇತುವೆಯಿಂದ ಎರಡನ್ನೂ ಜೋಡಿಸಿ, ಮೀಟರಿನಲ್ಲಿ ವೋಲ್ಟು ಅಳೆದು, ಯಾವುದು ತೆಳು ಎಂದು ಮಕ್ಕಳು ಲೆಕ್ಕ ಹಾಕಬೇಕು. ಯಾವುದು ಎಷ್ಟು ಎಂದು ಚೀಟಿಯಲ್ಲಿ ಎಡ ಇಷ್ಟು, ಬಲ ಇಷ್ಟು ಅಂತ ಬರೆದು ಟ್ರೇ ಮುಂದೆ ನಿಲ್ಲಿಸಿ ಫೋನಿನಲ್ಲಿ ಫೋಟೋ ತೆಗೆಯುತ್ತೇನೆ. ಆಮೇಲೆ ಚೀಟಿ ತೆಗೆದು ಬೀಕರುಗಳಿಗೆ ಕಪ್ಪು ಕಾಗದ ಸುತ್ತುತ್ತೇನೆ. ತಾಮ್ರದ ನೀರು ಗಾಢವಾಗಿದ್ದರೆ ಕಡುನೀಲಿ, ತೆಳುವಾಗಿದ್ದರೆ ಬಣ್ಣವೇ ಕಾಣುವುದಿಲ್ಲ. ಕಾಗದ ಸುತ್ತದಿದ್ದರೆ ಮಕ್ಕಳು ಲೆಕ್ಕ ಬಿಟ್ಟು ಕಣ್ಣಲ್ಲೇ ಉತ್ತರ ಹೇಳಿಬಿಡುತ್ತಾರೆ. ಆ ಫೋಟೋಗಳ ಪ್ರಿಂಟೇ ಪರೀಕ್ಷಕರ ಉತ್ತರಪಟ್ಟಿ.

ಅವತ್ತು ಕಿಟಕಿ ಪಕ್ಕದ ಟ್ರೇ ಮುಂದೆ ನಿಂತವಳಿಗೆ ನಾವೆಲ್ಲ ಇಟ್ಟ ಹೆಸರು ಗಡಿಬಿಡಿ. ಪಿಪೆಟ್ ಒಡೆಯುವುದರಲ್ಲಿ ಅವಳು ಎತ್ತಿದ ಕೈ. ಪ್ರಾಕ್ಟಿಕಲ್‌ನಲ್ಲಿ ಎರಡು ಸಲ ಫೇಲಾಗಿದ್ದಳು. ಇದು ಮೂರನೆಯದು, ಕೊನೆಯದು. ಪಾಸಾದರೆ ಸೋಮವಾರದಿಂದಲೇ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ಆಗದಿದ್ದರೆ ಡಿಗ್ರಿಯೂ ಇಲ್ಲ, ಕೆಲಸವೂ ಇಲ್ಲ.

ಬ್ಯಾಚ್ ಮುಗಿದು ಎಲ್ಲರೂ ಹೊರಟರು. ನಾನು ಬೀಕರುಗಳನ್ನೆಲ್ಲ ಸಿಂಕಿಗೆ ಸುರಿದು ತೊಳೆದೆ. ಅಷ್ಟರಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಗಡಿಬಿಡಿಯನ್ನು ವಾಪಸ್ ಕರೆಸಿದರು. ಒಣಕಲು ಮನುಷ್ಯ, ಕೈಯಲ್ಲಿ ಕೆಂಪು ಪೆನ್ನು.

"ಒಂದು ಪಾಯಿಂಟ್ ಒಂದು ಆರು ವೋಲ್ಟ್ ಅಂತ ಬರ್ದಿದ್ದೀಯ. ಬರ್ಬೇಕಾಗಿದ್ದು ಒಂದು ಪಾಯಿಂಟ್ ಸೊನ್ನೆ ನಾಲ್ಕು. ಇದು ಎಲ್ಲಿಂದ ಬಂತಮ್ಮ?"

"ಮೀಟರ್‌ನಿಂದ ಸರ್."

"ತಂತಿ ತಿರುಗಾಮುರುಗಾ ಹಾಕಿದ್ರೆ ಮೈನಸ್ ಬರುತ್ತೆ, ಅಂಕಿ ಬದಲಾಗಲ್ಲ. ಅಂದ್ಮೇಲೆ ಇದು ಮೀಟರ್ ತಪ್ಪಲ್ಲ. ಕೂತ್ಕೊಂಡು ಕಟ್ಟಿದ ಅಂಕಿ."

ನಾನು ನಡುವೆ ಬಾಯಿ ಹಾಕಿದೆ, ಅದೂ ಯಾರ ಪರವಾಗಿ? "ಎಷ್ಟು ಸಲ ಹೇಳಿದ್ದೀನಿ ನಿಂಗೆ, ನಿಧಾನವಾಗಿ ಮಾಡೇ ಅಂತ." ಈಗಲೂ ಆ ಮಾತು ನೆನೆದರೆ ನಾಚಿಕೆಯಾಗುತ್ತದೆ.

"ನಾಲ್ಕು ಸಲ ಅಳೆದೆ ಅಕ್ಕ," ಎಂದಳು. "ಎರಡೂ ಒಂದೇ ಗಾಢ ಇದ್ರೆ ಒಂದು ಪಾಯಿಂಟ್ ಒಂದು ಬರ್ಬೇಕು. ಇದು ಅದಕ್ಕಿಂತ ಜಾಸ್ತಿ ಬಂತು. ನಂಗೇ ನನ್ನ ಮೇಲೆ ನಂಬಿಕೆ ಇರ್ಲಿಲ್ಲ. ಪಟ್ಟಿ ಉಜ್ಜಿ ಮತ್ತೆ ಅಳೆದೆ. ಉಪ್ಪಿನ ಸೇತುವೆ ಬದಲಾಯಿಸಿ ಅಳೆದೆ. ಅದೇ ಬಂತು."

ಪರೀಕ್ಷಕರು ಅವಳ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಅಂದವಾದ ಅಕ್ಷರದಲ್ಲಿ ಬರೆದಿದ್ದಳು:

Zn | Zn²⁺ (0.01 M) || Cu²⁺ (1 M) | Cu

"ಸತು ಕರಗಿ ನೀರಿಗೆ ಇಳಿಯುತ್ತೆ, ತಾಮ್ರ ನೀರಿಂದ ಬಂದು ಪಟ್ಟಿ ಮೇಲೆ ಕೂರುತ್ತೆ," ಎಂದಳು. ದನಿ ನಡುಗುತ್ತಿತ್ತು, ಮಾತು ಮಾತ್ರ ನಡುಗಲಿಲ್ಲ. "ಸತುವಿನ ನೀರು ತೆಳು ಇದ್ರೆ ಇಳಿಯೋಕೆ ಇನ್ನೂ ಆತುರ, ವೋಲ್ಟು ಏರುತ್ತೆ. ತಾಮ್ರದ ನೀರು ತೆಳು ಇದ್ರೆ ಕೂರೋಕೇ ತಾಮ್ರ ಕಡಿಮೆ, ವೋಲ್ಟು ಇಳಿಯುತ್ತೆ. ಹತ್ತು ಪಟ್ಟು ವ್ಯತ್ಯಾಸ ಇದ್ರೆ ಸೊನ್ನೆ ಪಾಯಿಂಟ್ ಸೊನ್ನೆ ಮೂರರ ಹತ್ರ. ನೂರು ಪಟ್ಟು ಇದ್ರೆ ಅದರ ಎರಡರಷ್ಟು. ನಂಗೆ ಏರಿದೆ ಸರ್. ಅಂದ್ರೆ ತೆಳು ಇದ್ದಿದ್ದು ಸತು."

"ಲೆಕ್ಕ ಸರಿ. ಟ್ರೇ ಬೇರೆ ಹೇಳುತ್ತೆ." ಪರೀಕ್ಷಕರು ಪ್ರಿಂಟನ್ನು ಮೇಜಿನ ಮೇಲಿಟ್ಟರು. ಆಫೀಸಿನ ಪ್ರಿಂಟರಿನ ಮಸುಕಾದ ಕಪ್ಪುಬಿಳುಪು ಚಿತ್ರ. ನನ್ನದೇ ಕೈಬರಹದ ಚೀಟಿ: ಎಡ 0.01, ಬಲ 1. ಎಡಗಡೆ ಬೀಕರಿನ ಮೇಲೆ Cu ಎಂಬ ಗುರುತು, ಬಲಗಡೆಯದರ ಮೇಲೆ Zn. "ತಾಮ್ರ ಸೊನ್ನೆ ಪಾಯಿಂಟ್ ಸೊನ್ನೆ ಒಂದು. ಇನ್ನೇನು ಬೇಕು?"

ಎಡಗಡೆ ತಾಮ್ರ?

ಎಡಗಡೆ ತಾಮ್ರ ಇಟ್ಟವಳೇ ಅಲ್ಲ ನಾನು, ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ. ಸೂತ್ರ ಬರೆಯುವಾಗ ಸತು ಎಡಕ್ಕೆ ಬರುತ್ತದೆ, ಹಾಗೆಯೇ ಟ್ರೇಯಲ್ಲೂ. ಆಮೇಲೆ ನೆನಪಾಯಿತು. ಬೆಳಿಗ್ಗೆ ಕಿಟಕಿ ಕಡೆಯಿಂದ ಬಿಸಿಲು ಕ್ಯಾಮೆರಾಕ್ಕೆ ಹೊಡೆಯುತ್ತಿತ್ತು. ಮೇಜು ಸುತ್ತಿ ಆಚೆ ಕಡೆ ಹೋಗಿ, ಚೀಟಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಆ ಒಂದು ಟ್ರೇಯ ಫೋಟೋ ತೆಗೆದಿದ್ದೆ. ಚೀಟಿ ತಿರುಗಿಸಿದೆ, ಅದರ ಮೇಲಿನ ಎಡ ಬಲ ತಿದ್ದಲಿಲ್ಲ. ಆಚೆ ಕಡೆಯಿಂದ ತೆಗೆದ ಫೋಟೋದಲ್ಲಿ ಸತು ಬಲಕ್ಕೆ, ತಾಮ್ರ ಎಡಕ್ಕೆ ಬಂದಿತ್ತು.

ಬೀಕರು ತೊಳೆದಾಗಿತ್ತು. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಡಿಬಿಡಿ ಮತ್ತೆ ಎಡವಿದಳು ಅಂದರೆ ಇಡೀ ಕಾಲೇಜು ನಂಬುತ್ತಿತ್ತು. ಅದೇ ನನಗೆ ತಡೆಯಲಾಗದೆ ಹೋಯಿತು.

"ಸರ್, ತಪ್ಪು ನಂದು. ಫೋಟೋ ಉಲ್ಟಾ ಕಡೆಯಿಂದ ತೆಗ್ದೆ."

ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದರು. "ಹುಡುಗಿ ಮೇಲೆ ಕನಿಕರಕ್ಕೆ ಹೇಳ್ತಿಲ್ಲ ತಾನೆ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಪ್ರಮಾಣ ಎಲ್ಲಿ?"

ಪ್ರಮಾಣ ಬೀರುವಿನಲ್ಲಿತ್ತು. ಪರೀಕ್ಷೆ ಮುಗಿಯುವವರೆಗೆ ಎಲ್ಲರ ಫೋನೂ ಅಲ್ಲಿಯೇ. ಸೀರೆ ಎತ್ತಿಕೊಂಡು ಓಡಿದೆ. ಫೋನು ತಂದು ಫೋಟೋ ತೆರೆದು ಮೇಜಿನ ಮೇಲಿಟ್ಟೆ.

ಬಣ್ಣದ ಫೋಟೋ. Cu ಎಂದಿದ್ದ ಬೀಕರಿನಲ್ಲಿ ಕಡುನೀಲಿ, ಶಾಯಿ ಬಾಟಲಿಯಂತೆ.

ಮೂವರೂ ಬಗ್ಗಿ ನೋಡಿದೆವು. ಪರೀಕ್ಷಕರೇ ಮೊದಲು ಎದ್ದು ಕೋಟು ಕಳಚಿದರು.

"ಮತ್ತೆ ಕಟ್ಟಿ," ಎಂದರು.

ಕಪಾಟಿನಿಂದ ಬಾಟಲಿ ಇಳಿಸಿದೆ. ಸತು ಸೊನ್ನೆ ಪಾಯಿಂಟ್ ಸೊನ್ನೆ ಒಂದು, ತಾಮ್ರ ಒಂದು. ಪಟ್ಟಿ ಉಜ್ಜಿದವಳು ಗಡಿಬಿಡಿ, ಸೇತುವೆ ಇಟ್ಟವರು ಪರೀಕ್ಷಕರು. ಮೀಟರಿನ ಅಂಕಿ ಕುಣಿದು ಕುಣಿದು ನಿಂತಿತು. 1.16. ಪರೀಕ್ಷಕರಿಗೆ ಅಷ್ಟು ಸಾಲದು. ಬೀಕರು ಬದಲಾಯಿಸಿ ಸತುವನ್ನು ಗಾಢ, ತಾಮ್ರವನ್ನು ತೆಳು ಮಾಡಿಸಿದರು. 1.04. ಚಿಕ್ಕ ಹುಡುಗನಂತೆ ನಕ್ಕುಬಿಟ್ಟರು. "ಎರಡೂ ಕಣ್ಣೆದುರಿಗೇ ಬಂತಲ್ರೀ." ನಾನೂ ನಗುತ್ತಿದ್ದೆ. ಯಾಕೆಂದು ಕೇಳಿದರೆ ಹೇಳಲಾರೆ, ನನ್ನ ಮಾನ ಹೋಗುತ್ತಿದ್ದ ಹೊತ್ತಿನಲ್ಲಿ ನನಗೆ ಅಷ್ಟು ಖುಷಿಯಾಗಿತ್ತು.

ಅವರು ತಾವು ಹಾಕಿದ್ದ ಕೆಂಪು ಗೆರೆಯನ್ನು ಹೊಡೆದು ಪೂರ್ತಿ ಅಂಕ ಬರೆದರು. ಆಮೇಲೆ ವರದಿಯ ಹಾಳೆ ಎಳೆದುಕೊಂಡು, "ಉತ್ತರಪಟ್ಟಿ ತಪ್ಪಿತ್ತು ಅಂತ ಬರೀಲೇಬೇಕು. ಫೋಟೋ ತೆಗೆದವರು ಯಾರು ಅಂತ ಬರೀಲಿ?" ಎಂದರು.

"ನಾನೇ ಅಂತ ಬರೀರಿ," ಎಂದೆ.

ಅವರು ಬರೆದರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಹೆಸರು ಮೊದಲ ಸಲ ವರದಿಗೆ ಹೋಯಿತು.

ಗಡಿಬಿಡಿ ಇನ್ನೂ ಮೀಟರಿನ ಮುಂದೆಯೇ ನಿಂತಿದ್ದಳು. ಕಣ್ಣು ತುಂಬಿತ್ತು. ಹತ್ತಿರ ಹೋಗಿ, "ಬೈದೆ ಅಂತ ಬೇಜಾರಾಯ್ತಾ?" ಎಂದೆ.

"ಇಲ್ಲ ಅಕ್ಕ," ಎಂದು ಮೂಗೊರೆಸಿಕೊಂಡಳು. "ಇನ್ನೊಂದು ಸಲ ಅಳೆಯಲಾ?"

"ಅಳೆ," ಎಂದು ನಾನೇ ತಂತಿ ಹಿಡಿದುಕೊಟ್ಟೆ.